ರಾಟೆಯ ಎರಡು ಬದಿಯ ರಾಶಿಗಳು: ದಾರದ ಎಳೆತವನ್ನು ನಿರ್ಧರಿಸುವುದು ಯಾವುದು?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಭೌತಶಾಸ್ತ್ರ ಓದಿದವರೆಲ್ಲರೂ ಒಮ್ಮೆಯಾದರೂ ಬಿಡಿಸಿರುವ ಲೆಕ್ಕವೊಂದನ್ನು ಇಂದು ಮಾತಿಗೆ ಎತ್ತಿಕೊಂಡಿದ್ದೇನೆ. ಮೇಲೆ ಒಂದು ರಾಟೆಯನ್ನು ತೂಗುಹಾಕಿದೆ. ಅದರ ಮೇಲಿಂದ ಒಂದು ದಾರ ಹಾದುಹೋಗಿದೆ. ದಾರದ ಎರಡು ತುದಿಗಳಿಗೂ ಒಂದೊಂದು ರಾಶಿಯನ್ನು ಕಟ್ಟಿದೆ. ಒಂದು ರಾಶಿ 3 ಕಿಲೋಗ್ರಾಂ, ಇನ್ನೊಂದು 2 ಕಿಲೋಗ್ರಾಂ. ರಾಟೆಗೆ ಘರ್ಷಣೆಯಿಲ್ಲ, ದಾರಕ್ಕೆ ಹೇಳಿಕೊಳ್ಳುವಷ್ಟು ರಾಶಿಯಿಲ್ಲ, ಅದು ಹಿಗ್ಗುವುದೂ ಇಲ್ಲ. ಹಿಡಿದಿದ್ದ ಕೈಯನ್ನು ತೆಗೆದಾಗ ರಾಶಿಗಳ ವೇಗೋತ್ಕರ್ಷ ಎಷ್ಟು, ದಾರದಲ್ಲಿರುವ ಎಳೆತ ಎಷ್ಟು ಎಂಬುದು ಪ್ರಶ್ನೆ.

ಉತ್ತರದ ಸೂತ್ರಗಳು ಎರಡೇ ಸಾಲಿನವು, ಅವನ್ನು ಬಾಯಿಪಾಠ ಮಾಡಿದವರೂ ಬಹಳ ಮಂದಿ ಇದ್ದಾರೆ. ಆದರೆ ಎಳೆತ ಎಲ್ಲಿಂದ ಬಂತು, ಅದಕ್ಕೆ ಆ ಬೆಲೆಯೇ ಏಕೆ, ಬೇರೊಂದು ಏಕಲ್ಲ ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಆದ್ದರಿಂದ ವೇಗೋತ್ಕರ್ಷದ ಲೆಕ್ಕವನ್ನು ಬೇಗನೆ ಮುಗಿಸಿ, ಎಳೆತದ ಬಳಿ ಹೆಚ್ಚು ಹೊತ್ತು ನಿಲ್ಲಬೇಕೆಂದಿದ್ದೇನೆ.

ಮೊದಲು ಒಂದು ಪ್ರಶ್ನೆ. 3 ಕಿಲೋಗ್ರಾಂ ರಾಶಿಯ ತೂಕ 29.4 ನ್ಯೂಟನ್, ಇಲ್ಲಿ g ಬೆಲೆಯನ್ನು 9.8 ಮೀ/ಸೆ² ಎಂದು ತೆಗೆದುಕೊಂಡಿದ್ದೇನೆ. ಈಗ ಆ ರಾಶಿಯನ್ನು ಬಿಚ್ಚಿ ತೆಗೆದು, ಬರಿದಾದ ದಾರದ ತುದಿಯನ್ನು ಕೈಯಿಂದ ಹಿಡಿದು, ಸರಿಯಾಗಿ 29.4 ನ್ಯೂಟನ್ ಬಲದಿಂದಲೇ ಕೆಳಕ್ಕೆ ಎಳೆಯುತ್ತೇವೆ ಎಂದುಕೊಳ್ಳಿ. ಇನ್ನೊಂದು ಬದಿಯ 2 ಕಿಲೋಗ್ರಾಂ ರಾಶಿ ಎರಡು ಸಂದರ್ಭಗಳಲ್ಲೂ ಒಂದೇ ವೇಗೋತ್ಕರ್ಷದಿಂದ ಮೇಲೇರುತ್ತದೆಯೇ? ಎರಡೂ ಕಡೆ ಬಲ 29.4 ನ್ಯೂಟನ್ನೇ ಆಗಿರುವುದರಿಂದ ಹೌದು ಎನ್ನುವ ಉತ್ತರ ಥಟ್ಟನೆ ನಾಲಿಗೆಗೆ ಬರುತ್ತದೆ. ಅದು ತಪ್ಪು. ತಪ್ಪು ಸಣ್ಣದೂ ಅಲ್ಲ: ಕೈಯಿಂದ ಎಳೆದಾಗ ಬರುವ ವೇಗೋತ್ಕರ್ಷ, ರಾಶಿಯನ್ನು ಕಟ್ಟಿ ಬಿಟ್ಟಾಗ ಬರುವುದರ ಎರಡೂವರೆ ಪಟ್ಟು. ಇದು ಏಕೆ ಹೀಗೆ ಎಂಬುದು ಸ್ಪಷ್ಟವಾಗಬೇಕಾದರೆ ದಾರ ಮಾಡುವ ಕೆಲಸವನ್ನು ಮೊದಲು ಸರಿಯಾಗಿ ನೋಡಬೇಕು.

ದಾರ ಹಿಗ್ಗುವುದಿಲ್ಲ ಎಂಬ ಮಾತಿನಿಂದ ನಮಗೆ ಸಿಗುವುದು ಚಲನೆಯ ಬಗೆಗಿನ ಒಂದು ಕಟ್ಟುಪಾಡು. ಭಾರವಾದ ರಾಶಿ ಒಂದು ಗೇಣು ಇಳಿದರೆ ಹಗುರವಾದದ್ದು ಒಂದು ಗೇಣು ಏರಲೇಬೇಕು, ಅದೂ ಅಷ್ಟೇ ಸಮಯದಲ್ಲಿ. ಹೀಗಾಗಿ ಎರಡರ ವೇಗದ ಪ್ರಮಾಣವೂ ಪ್ರತಿ ಕ್ಷಣ ಒಂದೇ, ವೇಗೋತ್ಕರ್ಷದ ಪ್ರಮಾಣವೂ ಒಂದೇ; ದಿಕ್ಕು ಮಾತ್ರ ಬೇರೆ. ದಾರಕ್ಕೆ ರಾಶಿಯಿಲ್ಲ ಎಂಬ ಮಾತಿನಿಂದ ಸಿಗುವುದು ಬಲದ ಬಗೆಗಿನ ಮಾಹಿತಿ. ದಾರದ ಒಂದು ನೇರವಾದ ತುಣುಕನ್ನು ಮನಸ್ಸಿನಲ್ಲೇ ಬೇರ್ಪಡಿಸಿ ನೋಡಿದರೆ, ಅದರ ಎರಡು ತುದಿಗಳ ಮೇಲಿನ ಎಳೆತಗಳ ವ್ಯತ್ಯಾಸವು ಆ ತುಣುಕಿನ ರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧಕ್ಕೆ ಸಮನಾಗಬೇಕು. ರಾಶಿ ಸೊನ್ನೆಯಾದ್ದರಿಂದ ಗುಣಲಬ್ಧವೂ ಸೊನ್ನೆ, ಆದ್ದರಿಂದ ಎರಡು ತುದಿಗಳ ಎಳೆತಗಳು ಸಮ. ಹೀಗೆ ತುಣುಕಿನಿಂದ ತುಣುಕಿಗೆ ಸಾಗಿದರೆ, ನೇರವಾಗಿರುವ ಭಾಗದಲ್ಲಿ ಎಳೆತ ಎಲ್ಲೂ ಬದಲಾಗುವುದಿಲ್ಲ. ಇನ್ನು ಉಳಿದದ್ದು ದಾರ ರಾಟೆಯ ಮೇಲೆ ಬಾಗುವ ಭಾಗ. ಅಲ್ಲಿ ಘರ್ಷಣೆ ಇಲ್ಲದಿದ್ದರೆ ರಾಟೆಯು ದಾರವನ್ನು ಹೊರಮುಖವಾಗಿ ಮಾತ್ರ ತಳ್ಳಬಲ್ಲದು, ದಾರದ ಉದ್ದಕ್ಕೆ ಎಳೆಯಲಾರದು. ಎಳೆತದ ದಿಕ್ಕು ಬದಲಾಗುತ್ತದೆ, ಪ್ರಮಾಣ ಬದಲಾಗುವುದಿಲ್ಲ. ಎರಡೂ ಬದಿಗಳಿಗೆ ಒಂದೇ T ಎಂದು ಬರೆಯಲು ಅನುಮತಿ ಸಿಗುವುದು ಹೀಗೆ. ಈ ಅನುಮತಿಗೆ ಶರತ್ತುಗಳಿವೆ, ಅವಕ್ಕೆ ಮುಂದೆ ಬರುತ್ತೇನೆ.

ಈಗ ಪ್ರತಿಯೊಂದು ರಾಶಿಗೂ ನ್ಯೂಟನ್ನನ ಎರಡನೆಯ ನಿಯಮವನ್ನು ಬೇರೆ ಬೇರೆಯಾಗಿ ಬರೆಯೋಣ. ಭಾರವಾದ ರಾಶಿ m₁, ಹಗುರವಾದದ್ದು m₂. ಪ್ರತಿ ರಾಶಿಗೂ ಅದು ಚಲಿಸುವ ದಿಕ್ಕನ್ನೇ ಧನ ದಿಕ್ಕೆಂದು ಇಟ್ಟುಕೊಂಡರೆ ಚಿಹ್ನೆಗಳ ಗೊಂದಲ ತಪ್ಪುತ್ತದೆ: m₁ಗೆ ಕೆಳಮುಖ ಧನ, m₂ಗೆ ಮೇಲ್ಮುಖ ಧನ.

m₁g − T = m₁a

T − m₂g = m₂a

ಯಾವ ರಾಶಿ ಭಾರವೆಂದು ತಿಳಿಯದೆ ದಿಕ್ಕನ್ನು ತಿರುಗುಮುರುಗಾಗಿ ಊಹಿಸಿದರೂ ಏನೂ ಕೆಡುವುದಿಲ್ಲ. a ಋಣವಾಗಿ ಬಂದು, ಚಲನೆ ಎದುರು ದಿಕ್ಕಿನಲ್ಲಿದೆ ಎಂದು ತಾನೇ ಹೇಳುತ್ತದೆ. ಎರಡು ಸಮೀಕರಣಗಳನ್ನು ಕೂಡಿಸಿದರೆ T ಬಿದ್ದುಹೋಗುತ್ತದೆ. ಸಿಕ್ಕ a ಬೆಲೆಯನ್ನು ಯಾವುದಾದರೂ ಒಂದು ಸಮೀಕರಣದಲ್ಲಿ ಇಟ್ಟರೆ T ದೊರೆಯುತ್ತದೆ.

a = (m₁ − m₂)g / (m₁ + m₂)

T = 2m₁m₂g / (m₁ + m₂)

ನಮ್ಮ ರಾಶಿಗಳಿಗೆ a = 9.8 ÷ 5 = 1.96 ಮೀ/ಸೆ². ಎಳೆತ T = 3 × (9.8 − 1.96) = 23.52 ನ್ಯೂಟನ್. ಒಂದು ಸಮೀಕರಣದಿಂದ T ಕಂಡುಹಿಡಿದವರು ಅದನ್ನು ಇನ್ನೊಂದರಲ್ಲಿ ಇಟ್ಟು ತಾಳೆ ನೋಡುವುದು ಒಳ್ಳೆಯದು: 23.52 − 19.6 = 3.92, ಇದು 2 × 1.96ಕ್ಕೆ ಸರಿಹೋಗುತ್ತದೆ.

ಇಲ್ಲಿ ಒಂದು ಅಡ್ಡದಾರಿಯೂ ಇದೆ. ಎರಡು ರಾಶಿಗಳನ್ನೂ ದಾರವನ್ನೂ ಒಟ್ಟಿಗೆ 5 ಕಿಲೋಗ್ರಾಂನ ಒಂದೇ ವಸ್ತುವೆಂದು ಭಾವಿಸಿ, ತೂಕಗಳ ವ್ಯತ್ಯಾಸವಾದ 9.8 ನ್ಯೂಟನ್ ಬಲ ಅದನ್ನು ಎಳೆಯುತ್ತಿದೆ ಎಂದರೆ 1.96 ಎಂಬ ಉತ್ತರ ಒಂದೇ ಸಾಲಿನಲ್ಲಿ ಸಿಗುತ್ತದೆ. ಈ ದಾರಿ ಸರಿಯೇ. ಆದರೆ ಕಲಿಯುವವರಿಗೆ ಇದನ್ನು ಮೊದಲೇ ಹೇಳಿಕೊಡಬಾರದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಈ ದಾರಿಯಲ್ಲಿ ಎಳೆತವು ವ್ಯವಸ್ಥೆಯ ಒಳಗಿನ ಬಲವಾಗಿ ಕಣ್ಮರೆಯಾಗುತ್ತದೆ. ಅದನ್ನು ಕಾಣಬೇಕಾದರೆ ಒಂದು ರಾಶಿಯನ್ನಾದರೂ ಬೇರ್ಪಡಿಸಿ ನೋಡಲೇಬೇಕಾಗುತ್ತದೆ.

ಆರಂಭದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕೈ 29.4 ನ್ಯೂಟನ್ ಬಲದಿಂದ ಎಳೆದಾಗ ದಾರದ ಎಳೆತವೇ 29.4 ನ್ಯೂಟನ್. ಅದರಲ್ಲಿ 19.6 ನ್ಯೂಟನ್ ಎದುರಿನ ರಾಶಿಯ ತೂಕವನ್ನು ಸರಿದೂಗಿಸಲು ಹೋದರೆ ಉಳಿಯುವ 9.8 ನ್ಯೂಟನ್ 2 ಕಿಲೋಗ್ರಾಂ ರಾಶಿಗೆ 4.9 ಮೀ/ಸೆ² ವೇಗೋತ್ಕರ್ಷ ಕೊಡುತ್ತದೆ. ಕೈಗೆ ಬದಲಾಗಿ 3 ಕಿಲೋಗ್ರಾಂ ರಾಶಿ ತೂಗುತ್ತಿದ್ದಾಗ 29.4 ನ್ಯೂಟನ್ ಬಲ ಬೀಳುವುದು ದಾರದ ಮೇಲಲ್ಲ, ಆ ರಾಶಿಯ ಮೇಲೆ. ಭೂಮಿ ಎಳೆಯುವುದು ರಾಶಿಯನ್ನು. ದಾರವನ್ನು ಎಳೆಯುವುದು ರಾಶಿ. ಆ ರಾಶಿಯೂ 1.96 ಮೀ/ಸೆ² ವೇಗೋತ್ಕರ್ಷದಿಂದ ಇಳಿಯಬೇಕಾಗಿರುವುದರಿಂದ ತನ್ನ ತೂಕದಲ್ಲಿ 5.88 ನ್ಯೂಟನ್ನನ್ನು ತನ್ನ ಸ್ವಂತ ಚಲನೆಗೇ ಖರ್ಚು ಮಾಡಿಕೊಳ್ಳುತ್ತದೆ, ಮಿಕ್ಕ 23.52 ನ್ಯೂಟನ್ ಮಾತ್ರ ದಾರಕ್ಕೆ ತಲುಪುತ್ತದೆ. ಒಂದು ಸಂದರ್ಭದಲ್ಲಿ 9.8 ನ್ಯೂಟನ್ ಬಲ 2 ಕಿಲೋಗ್ರಾಂ ರಾಶಿಯನ್ನು ಚಲಿಸಿದರೆ, ಇನ್ನೊಂದರಲ್ಲಿ ಅದೇ 9.8 ನ್ಯೂಟನ್ 5 ಕಿಲೋಗ್ರಾಂ ರಾಶಿಯನ್ನು ಚಲಿಸಬೇಕು. ಎರಡೂವರೆ ಪಟ್ಟಿನ ವ್ಯತ್ಯಾಸ ಬಂದದ್ದು ಅಲ್ಲಿಂದ.

ಎಳೆತ ಎಂದರೆ ತುದಿಯಲ್ಲಿ ತೂಗುವ ರಾಶಿಯ ತೂಕ ಎಂಬ ನಂಬಿಕೆ ಇಷ್ಟು ಗಟ್ಟಿಯಾಗಿ ಕೂರಲು ಕಾರಣವಿದೆ. ನಿಶ್ಚಲವಾಗಿ ತೂಗುವ ವಸ್ತುವಿಗೆ ಅದು ನಿಜ, ನಾವು ದಿನವೂ ನೋಡುವುದು ಅಂಥವನ್ನೇ. ಚಲನೆ ಶುರುವಾದ ಕೂಡಲೇ ಅದು ಸುಳ್ಳಾಗುತ್ತದೆ. ಇದನ್ನು ಕಣ್ಣಾರೆ ಕಾಣಬೇಕಾದರೆ ದಾರದ ನಡುವೆ ಒಂದು ಹಗುರವಾದ ಸ್ಪ್ರಿಂಗ್ ತಕ್ಕಡಿಯನ್ನು ಸೇರಿಸಿ ನೋಡಬಹುದು. 3 ಕಿಲೋಗ್ರಾಂ ರಾಶಿಯನ್ನು ಕೆಳಗಿನಿಂದ ಅಂಗೈಯಲ್ಲಿ ತಡೆದು ಎಲ್ಲವನ್ನೂ ನಿಲ್ಲಿಸಿದ್ದರೆ ತಕ್ಕಡಿ 19.6 ನ್ಯೂಟನ್ ತೋರಿಸುತ್ತದೆ. ದಾರ ಹೊರಬೇಕಾದದ್ದು 2 ಕಿಲೋಗ್ರಾಂ ರಾಶಿಯನ್ನಷ್ಟೇ, ಉಳಿದ 9.8 ನ್ಯೂಟನ್ ಅಂಗೈಯ ಮೇಲಿದೆ. ಅಂಗೈಯನ್ನು ಸರಿಸಿದಾಗ ಮುಳ್ಳು 23.52ಕ್ಕೆ ಏರುತ್ತದೆ. ಬದಲಿಗೆ 2 ಕಿಲೋಗ್ರಾಂ ರಾಶಿ ಮೇಲೇರದಂತೆ ಅದನ್ನು ಹಿಡಿದು ನಿಲ್ಲಿಸಿದ್ದರೆ ತಕ್ಕಡಿ ಮೊದಲು 29.4 ತೋರಿಸುತ್ತದೆ, ಬಿಟ್ಟ ಮೇಲೆ 23.52ಕ್ಕೆ ಇಳಿಯುತ್ತದೆ. ಎರಡು ಬೇರೆ ಬೇರೆ ಎಳೆತಗಳಿಂದ ಹೊರಟರೂ ಬಿಟ್ಟ ಬಳಿಕ ತಲುಪುವ ಬೆಲೆ ಒಂದೇ. ಸ್ಪ್ರಿಂಗು ಸ್ವಲ್ಪ ಹಿಗ್ಗುವುದರಿಂದ ಮುಳ್ಳು ಒಂದಿಷ್ಟು ಓಲಾಡಿ ಆ ಬೆಲೆಯ ಸುತ್ತ ನೆಲೆ ನಿಲ್ಲುತ್ತದೆ ಎಂಬುದನ್ನು ಮಾತ್ರ ಗಮನದಲ್ಲಿಡಬೇಕು.

ಈ ಬೆಲೆ ಯಾವಾಗಲೂ ಎರಡು ತೂಕಗಳ ನಡುವೆಯೇ ಬೀಳುತ್ತದೆ. ಕಾರಣ ಸರಳ: ಭಾರವಾದದ್ದು ಕೆಳಕ್ಕೆ ವೇಗೋತ್ಕರ್ಷಗೊಳ್ಳಬೇಕಾದರೆ ಎಳೆತ ಅದರ ತೂಕಕ್ಕಿಂತ ಕಡಿಮೆಯಿರಬೇಕು, ಹಗುರವಾದದ್ದು ಮೇಲಕ್ಕೆ ವೇಗೋತ್ಕರ್ಷಗೊಳ್ಳಬೇಕಾದರೆ ಎಳೆತ ಅದರ ತೂಕಕ್ಕಿಂತ ಹೆಚ್ಚಿರಬೇಕು. ಲೆಕ್ಕ ಮಾಡಿದ ಮೇಲೆ T ಈ ಎರಡರ ನಡುವೆ ಇಲ್ಲದಿದ್ದರೆ ಎಲ್ಲೋ ಚಿಹ್ನೆ ತಪ್ಪಿದೆ ಎಂದೇ ಅರ್ಥ, ಹಿಂದಿರುಗಿ ಹುಡುಕಬೇಕು. ಆದರೆ ಅದು ಸರಿಯಾಗಿ ಮಧ್ಯದಲ್ಲಿರುವುದಿಲ್ಲ. 29.4 ಮತ್ತು 19.6ರ ಸರಾಸರಿ 24.5, ನಮ್ಮ ಎಳೆತ ಅದಕ್ಕಿಂತ ಕೆಳಗೆ, ಹಗುರವಾದ ರಾಶಿಯ ತೂಕದ ಕಡೆಗೆ ವಾಲಿಕೊಂಡಿದೆ. ರಾಶಿಗಳ ಅಂತರ ಹೆಚ್ಚಿದಷ್ಟೂ ಈ ವಾಲುವಿಕೆ ಹೆಚ್ಚುತ್ತದೆ. m₁ ಅನ್ನು 3ರಿಂದ 30ಕ್ಕೆ, 30ರಿಂದ 3000 ಕಿಲೋಗ್ರಾಂಗೆ ಏರಿಸುತ್ತಾ ಹೋಗಿ, m₂ ಅನ್ನು 2ರಲ್ಲೇ ಇಡಿ. ಆಗ ಎಳೆತ ಕ್ರಮವಾಗಿ 36.75 ನ್ಯೂಟನ್, ನಂತರ ಸುಮಾರು 39.17 ನ್ಯೂಟನ್ ಆಗುತ್ತದೆ, 39.2ನ್ನು ಮಾತ್ರ ಎಂದೂ ಮುಟ್ಟುವುದಿಲ್ಲ. ಈ 39.2 ಎಂಬುದು ಹಗುರವಾದ ರಾಶಿಯ ತೂಕದ ಎರಡರಷ್ಟು. ಭಾರವಾದ ರಾಶಿ ಎಷ್ಟೇ ದೊಡ್ಡದಾದರೂ ಮುಕ್ತವಾಗಿ ಬೀಳುವುದಕ್ಕಿಂತ ಹೆಚ್ಚು ವೇಗೋತ್ಕರ್ಷ ಅದಕ್ಕೆ ಸಾಧ್ಯವಿಲ್ಲ, ಆದ್ದರಿಂದ ಹಗುರವಾದದ್ದನ್ನು g ವೇಗೋತ್ಕರ್ಷದಿಂದ ಮೇಲೆತ್ತಲು ಬೇಕಾದಷ್ಟು ಎಳೆತವೇ ಗರಿಷ್ಠ ಮಿತಿ. ಮೂರು ಟನ್ ತೂಗುವಾಗಲೂ ದಾರ ಹೊರುವುದು ನಾಲ್ಕು ಕಿಲೋಗ್ರಾಂ ತೂಕಕ್ಕಿಂತ ತುಸು ಕಡಿಮೆ ಎಂಬುದನ್ನು ಕೇಳಿದ ಕೂಡಲೇ ಒಪ್ಪುವುದು ಕಷ್ಟ, ಆದರೆ ಸಮೀಕರಣ ಹೇಳುವುದು ಅದನ್ನೇ.

ರಾಟೆಯನ್ನು ತೂಗುಹಾಕಿರುವ ಕೊಕ್ಕೆಯ ಮೇಲೂ ಒಂದು ಮಾತು. ರಾಟೆಗೆ ತೂಕವಿಲ್ಲವೆಂದುಕೊಂಡರೆ ಕೊಕ್ಕೆ ಹೊರಬೇಕಾದದ್ದು ಎರಡು ಬದಿಗಳ ಎಳೆತಗಳ ಮೊತ್ತ, ಅಂದರೆ 2T = 47.04 ನ್ಯೂಟನ್. ಕೆಳಗೆ ತೂಗುವ ಎರಡು ರಾಶಿಗಳ ಒಟ್ಟು ತೂಕವಾದರೋ 49 ನ್ಯೂಟನ್. ಕಾಣೆಯಾದ 1.96 ನ್ಯೂಟನ್ ಎಲ್ಲಿ ಹೋಯಿತು? ಎರಡು ರಾಶಿಗಳಲ್ಲಿ ಹೆಚ್ಚಿನ ಭಾಗ ಕೆಳಕ್ಕೂ ಕಡಿಮೆ ಭಾಗ ಮೇಲಕ್ಕೂ ಸಾಗುತ್ತಿರುವುದರಿಂದ ಅವುಗಳ ರಾಶಿಕೇಂದ್ರ ಕೆಳಮುಖವಾಗಿ ವೇಗೋತ್ಕರ್ಷಗೊಳ್ಳುತ್ತಿದೆ, ಅದರ ಬೆಲೆ 0.392 ಮೀ/ಸೆ². 5 ಕಿಲೋಗ್ರಾಂ ರಾಶಿಗೆ ಅಷ್ಟು ವೇಗೋತ್ಕರ್ಷ ಕೊಡಲು ಬೇಕಾದ ಬಲ ಸರಿಯಾಗಿ 1.96 ನ್ಯೂಟನ್. ಎಳೆತವನ್ನೇ ಬಳಸದೆ ಬಂದ ಈ ಲೆಕ್ಕ ನಮ್ಮ T ಸರಿಯಿದೆ ಎಂಬುದಕ್ಕೆ ಇನ್ನೊಂದು ಸಾಕ್ಷಿ.

ಇನ್ನು ಶರತ್ತುಗಳ ಮಾತಿಗೆ ಬರೋಣ. ಘರ್ಷಣೆಯಿಲ್ಲದ ರಾಟೆ ಎಂದು ಲೆಕ್ಕದಲ್ಲಿ ಬರೆದಿರುತ್ತದೆ, ಆದರೆ ಘರ್ಷಣೆ ಎಲ್ಲಿ ಇಲ್ಲ ಎಂದು ಹೇಳಿರುವುದಿಲ್ಲ. ದಾರ ಮತ್ತು ರಾಟೆಯ ಅಂಚಿನ ನಡುವೆ ಘರ್ಷಣೆಯಿಲ್ಲದಿದ್ದರೆ ದಾರ ಜಾರಿಕೊಂಡು ಹೋಗುತ್ತದೆ, ರಾಟೆ ತಿರುಗುವುದೇ ಇಲ್ಲ; ಆಗ ರಾಟೆ ಎಷ್ಟೇ ಭಾರವಾಗಿದ್ದರೂ ಚಲನೆಗೆ ಅದರಿಂದ ಬಾಧೆಯಿಲ್ಲ. ನಿಜವಾದ ರಾಟೆಗಳಲ್ಲಿ ಸಾಮಾನ್ಯವಾಗಿ ಇರುವುದು ಇದಕ್ಕೆ ವಿರುದ್ಧವಾದ ಸ್ಥಿತಿ: ದಾರ ಅಂಚನ್ನು ಬಿಗಿಯಾಗಿ ಹಿಡಿದು ರಾಟೆಯನ್ನು ತಿರುಗಿಸುತ್ತದೆ, ಘರ್ಷಣೆ ಕಡಿಮೆಯಿರುವುದು ರಾಟೆಯ ಅಚ್ಚಿನಲ್ಲಿ. ಹಾಗಿದ್ದಾಗ ಎರಡು ಬದಿಗಳ ಎಳೆತ ಸಮನಾಗಿರಬೇಕಾದರೆ ಅಚ್ಚಿನಲ್ಲಿ ಘರ್ಷಣೆ ಇಲ್ಲದಿದ್ದರೆ ಸಾಲದು, ರಾಟೆಗೆ ರಾಶಿಯೂ ಇರಬಾರದು. ಏಕೆಂದರೆ ರಾಶಿಯಿರುವ ರಾಟೆಯನ್ನು ತಿರುಗಿಸಲು ಒಂದು ಬದಿಯ ಎಳೆತ ಇನ್ನೊಂದಕ್ಕಿಂತ ಹೆಚ್ಚಿರಲೇಬೇಕು.

ನಮ್ಮ ಉದಾಹರಣೆಯಲ್ಲಿ ರಾಟೆಯು 1 ಕಿಲೋಗ್ರಾಂ ರಾಶಿಯ, ಎಲ್ಲೆಡೆ ಒಂದೇ ದಪ್ಪದ ಬಿಲ್ಲೆ ಎಂದುಕೊಳ್ಳಿ. ಅಂಥ ಬಿಲ್ಲೆ ತಿರುಗುವಾಗ ತೋರುವ ಜಡತ್ವ, ದಾರದ ದೃಷ್ಟಿಯಿಂದ, ಬಿಲ್ಲೆಯ ಅರ್ಧ ರಾಶಿಯನ್ನು ದಾರಕ್ಕೆ ಕಟ್ಟಿದಂತೆಯೇ ಇರುತ್ತದೆ. ಆದ್ದರಿಂದ ಚಲಿಸಬೇಕಾದ ರಾಶಿ 5ರ ಬದಲು 5.5 ಕಿಲೋಗ್ರಾಂ ಆಗುತ್ತದೆ, ಎಳೆಯುವ ಬಲ ಮಾತ್ರ 9.8 ನ್ಯೂಟನ್ನೇ. ವೇಗೋತ್ಕರ್ಷ 1.78 ಮೀ/ಸೆ²ಗೆ ಇಳಿಯುತ್ತದೆ. ಭಾರದ ಬದಿಯ ಎಳೆತ 24.05 ನ್ಯೂಟನ್, ಹಗುರ ಬದಿಯದು 23.16 ನ್ಯೂಟನ್, ಇವೆರಡರ ನಡುವಿನ 0.89 ನ್ಯೂಟನ್ನೇ ರಾಟೆಯನ್ನು ತಿರುಗಿಸುವುದು. ಇಂಥ ಲೆಕ್ಕದಲ್ಲಿ ಹಳೆಯ ಅಭ್ಯಾಸದಂತೆ ಎರಡೂ ಕಡೆ ಒಂದೇ T ಬರೆದರೆ ರಾಟೆ ತಿರುಗಲು ಕಾರಣವೇ ಇರುವುದಿಲ್ಲ.

ಈ ಸಮೀಕರಣಗಳಿಗೆ ಇನ್ನೊಂದು ಮೇರೆಯಿದೆ: ಅವು ದಾರ ಬಿಗಿಯಾಗಿರುವವರೆಗೆ ಮಾತ್ರ. 3 ಕಿಲೋಗ್ರಾಂ ರಾಶಿ ಒಂದು ಮೀಟರ್ ಇಳಿದು ನೆಲಕ್ಕೆ ತಾಗಿ ನಿಂತಿತು ಎನ್ನಿ. ಆ ಕ್ಷಣದಲ್ಲಿ ವೇಗ ಸೆಕೆಂಡಿಗೆ 1.98 ಮೀಟರ್. ದಾರ ಸಡಿಲವಾಗುತ್ತದೆ, ಎಳೆತ ಸೊನ್ನೆಯಾಗುತ್ತದೆ, 2 ಕಿಲೋಗ್ರಾಂ ರಾಶಿ ಮೇಲಕ್ಕೆ ಎಸೆದ ವಸ್ತುವಿನಂತೆ ಇನ್ನೂ 20 ಸೆಂಟಿಮೀಟರ್ ಏರಿ ಆಮೇಲೆ ಬೀಳತೊಡಗುತ್ತದೆ. ಹಗುರವಾದ ರಾಶಿ ಒಟ್ಟು ಎಷ್ಟು ಎತ್ತರ ಏರುತ್ತದೆ ಎಂಬ ಪರೀಕ್ಷೆಯ ಪ್ರಶ್ನೆಗೆ ಒಂದೇ ಮೀಟರ್ ಎಂದು ಬರೆದು ಅಂಕ ಕಳೆದುಕೊಳ್ಳುವವರು ಈ ಕೊನೆಯ ತುಣುಕನ್ನು ಮರೆತಿರುತ್ತಾರೆ.

ಈ ಏರ್ಪಾಡನ್ನು ಪ್ರಯೋಗದ ಸಾಧನವಾಗಿ ರೂಪಿಸಿದವರು ಕೇಂಬ್ರಿಜ್‌ನ ಜಾರ್ಜ್ ಅಟ್‌ವುಡ್. 1784ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಅದನ್ನು ವಿವರಿಸಿದರು. ಅವರ ಉದ್ದೇಶ ಗುರುತ್ವದ ಚಲನೆಯನ್ನು ಅಳೆಯಲು ಸಾಧ್ಯವಾಗುವಷ್ಟು ನಿಧಾನ ಮಾಡುವುದಾಗಿತ್ತು. ಮುಕ್ತವಾಗಿ ಬಿಟ್ಟ ವಸ್ತು ಒಂದು ಮೀಟರ್ ಬೀಳಲು ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಅದೇ ದಾರದ ಒಂದು ಬದಿಗೆ 510 ಗ್ರಾಂ, ಇನ್ನೊಂದು ಬದಿಗೆ 490 ಗ್ರಾಂ ಕಟ್ಟಿದರೆ ವೇಗೋತ್ಕರ್ಷ 0.196 ಮೀ/ಸೆ² ಆಗಿ, ಒಂದು ಮೀಟರ್ ಇಳಿಯಲು ಸುಮಾರು 3.2 ಸೆಕೆಂಡು ಬೇಕಾಗುತ್ತದೆ.

ನಿಧಾನಕ್ಕೆ ತೆರಬೇಕಾದ ಬೆಲೆಯೂ ಇದೆ. ಇಲ್ಲಿ ಎಳೆಯುವ ಬಲ 20 ಗ್ರಾಂನ ತೂಕ ಮಾತ್ರ. ಅಚ್ಚಿನ ಘರ್ಷಣೆ ಬರೀ 2 ಗ್ರಾಂ ತೂಕದಷ್ಟಿದ್ದರೂ ವೇಗೋತ್ಕರ್ಷ ನೂರಕ್ಕೆ ಹತ್ತರಷ್ಟು ತಗ್ಗಿ 0.176ಕ್ಕೆ ಬರುತ್ತದೆ. ಅಟ್‌ವುಡ್ ತಮ್ಮ ರಾಟೆಯ ಅಚ್ಚನ್ನು ಬಿಗಿಯಾದ ಬೇರಿಂಗಿನಲ್ಲಿ ಕೂರಿಸದೆ, ತಾವೂ ತಿರುಗಬಲ್ಲ ಬೇರೆ ಚಕ್ರಗಳ ಅಂಚಿನ ಮೇಲೆ ಕೂರಿಸಿದ್ದು ಇದೇ ಕಾರಣಕ್ಕೆ.

ಇಂದು ಪ್ರಯೋಗಾಲಯದಲ್ಲಿ ಇದನ್ನು ಮಾಡುವವರು ಘರ್ಷಣೆಯನ್ನು ಪೂರ್ತಿ ಹೋಗಲಾಡಿಸಲಾರರು, ಆದರೆ ಅದನ್ನು ಗುರುತಿಸಿ ಬೇರ್ಪಡಿಸಬಲ್ಲರು. ಒಟ್ಟು ರಾಶಿಯನ್ನು 1 ಕಿಲೋಗ್ರಾಂನಲ್ಲೇ ಇಟ್ಟು, ಸಣ್ಣ ತೂಕದ ಬಿಲ್ಲೆಗಳನ್ನು ಒಂದು ಬದಿಯಿಂದ ಇನ್ನೊಂದಕ್ಕೆ ಸಾಗಿಸುತ್ತಾ, ಪ್ರತಿಸಲವೂ ವೇಗೋತ್ಕರ್ಷವನ್ನು ಅಳೆಯಬೇಕು. ಹೊರಗಿನಿಂದ ಬಿಲ್ಲೆ ತಂದು ಸೇರಿಸಿದರೆ ಎಳೆಯುವ ಬಲದ ಜೊತೆಗೆ ಒಟ್ಟು ರಾಶಿಯೂ ಬದಲಾಗಿ ಎರಡು ಪರಿಣಾಮಗಳು ಕಲಸಿಹೋಗುತ್ತವೆ. ರಾಶಿಗಳ ವ್ಯತ್ಯಾಸವನ್ನು ಅಡ್ಡ ಅಕ್ಷದಲ್ಲೂ ವೇಗೋತ್ಕರ್ಷವನ್ನು ಲಂಬ ಅಕ್ಷದಲ್ಲೂ ಗುರುತು ಹಾಕಿದರೆ ಒಂದು ಸರಳರೇಖೆ ಸಿಗುತ್ತದೆ. ಸೂತ್ರದ ಪ್ರಕಾರ ಅದು ಮೂಲಬಿಂದುವಿನ ಮೂಲಕ ಹಾಯಬೇಕು. ಹಾಯದೆ, ಅಡ್ಡ ಅಕ್ಷವನ್ನು 2 ಗ್ರಾಂ ಬಳಿ ಕತ್ತರಿಸಿದರೆ, ಅಷ್ಟು ವ್ಯತ್ಯಾಸವಾಗುವವರೆಗೆ ಘರ್ಷಣೆ ಎಲ್ಲವನ್ನೂ ನುಂಗುತ್ತಿದೆ ಎಂದು ಓದಿಕೊಳ್ಳಬಹುದು. ಒಟ್ಟು ರಾಶಿ ಬದಲಾಗದಿರುವುದರಿಂದ ಅಚ್ಚಿನ ಮೇಲಿನ ಭಾರ ಹೆಚ್ಚುಕಡಿಮೆ ಅಷ್ಟೇ ಇದ್ದು, ಘರ್ಷಣೆಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಹೀಗಾಗಿ ಅದು ರೇಖೆಯನ್ನು ಪಕ್ಕಕ್ಕೆ ಸರಿಸುತ್ತದೆಯೇ ಹೊರತು ಅದರ ಓರೆಯನ್ನು ಬದಲಿಸುವುದಿಲ್ಲ.

ಓರೆಯನ್ನು ಬದಲಿಸುವುದು ರಾಟೆಯ ರಾಶಿ. 50 ಗ್ರಾಂನ ಬಿಲ್ಲೆಯಂಥ ರಾಟೆ ಚಲಿಸುವ ರಾಶಿಗೆ 25 ಗ್ರಾಂ ಸೇರಿಸುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಓರೆಯಿಂದ g ತೆಗೆದರೆ 9.8ರ ಬದಲು 9.56 ಬರುತ್ತದೆ, ಅಳತೆ ಎಷ್ಟು ಜಾಗರೂಕವಾಗಿದ್ದರೂ ಸರಿ. ಹಾಗಾಗಿ ಫಲಿತಾಂಶ ತಗ್ಗಿ ಬಂದಾಗ ಎಲ್ಲದಕ್ಕೂ ಘರ್ಷಣೆಯೇ ಕಾರಣ ಎಂದು ವರದಿಯಲ್ಲಿ ಬರೆಯುವ ಮೊದಲು ರೇಖೆಯನ್ನು ನೋಡಬೇಕು: ಅದು ಮೂಲಬಿಂದುವಿನಿಂದ ಸರಿದಿದ್ದರೆ ಘರ್ಷಣೆ, ಮೂಲಬಿಂದುವಿನಲ್ಲೇ ಹಾದು ಓರೆ ಕಡಿಮೆಯಾಗಿದ್ದರೆ ರಾಟೆಯ ಜಡತ್ವ, ಮೇಲೆ ಹೋದಂತೆ ರೇಖೆ ಬಾಗತೊಡಗಿದ್ದರೆ ಬಿಲ್ಲೆಗಳನ್ನು ಸಾಗಿಸುವ ಬದಲು ಹೊರಗಿನಿಂದ ಸೇರಿಸಿರುವ ಸಾಧ್ಯತೆಯೇ ಹೆಚ್ಚು.